ಅಣ್ಣನ ಹಳೆ ಲ್ಯಾಪ್‌ಟಾಪೋ, ಅಂಗಡಿಯ ಹೊಸ ಚಿಪ್ಪೋ?

ಪ್ರಶ್ನೆ: ಸರ್, ನಮ್ಮಣ್ಣ 2018ರಲ್ಲಿ ತಗೊಂಡಿದ್ದ ಗೇಮಿಂಗ್ ಲ್ಯಾಪ್‌ಟಾಪ್ ಈಗ ನನ್ನ ಹತ್ರ ಇದೆ. ಐ5-8300ಎಚ್, ಜಿಟಿಎಕ್ಸ್ 1050 ಕಾರ್ಡ್ (4 ಜಿಬಿ), 8 ಜಿಬಿ ರ‍್ಯಾಮ್. 3ಡಿ ಚಿತ್ರ ಮಾಡೋ ಬ್ಲೆಂಡರ್ ತಂತ್ರಾಂಶ ಕಲೀತಿದೀನಿ, ಬಿಡುವಿದ್ದಾಗ ಗೇಮ್ ಆಡ್ತೀನಿ. ಈಚೆಗೆ ಹತ್ತು ನಿಮಿಷ ಆಡಿದ್ರೆ ಸಾಕು, ಎಳೆಯೋಕೆ ಶುರು ಮಾಡುತ್ತೆ. ಮೈಸೂರಿನ ಅಂಗಡಿಯಲ್ಲಿ ಐ5-1334ಯು, 8 ಜಿಬಿ ರ‍್ಯಾಮ್ ಇರೋ ಹೊಸದು ತೋರಿಸಿ, "ಈಗ ಚಿಪ್ ಒಳಗೇ ಗ್ರಾಫಿಕ್ಸ್ ಬರುತ್ತೆ, ನಿಮ್ಮ ಹಳೆ ಕಾರ್ಡ್‌ನ ಆರಾಮಾಗಿ ಮೀರಿಸುತ್ತೆ" ಅಂದ್ರು. ನಿಜವಾ? — ಮಂಡ್ಯದ ಓದುಗ

ಉತ್ತರ: ನೀವು ಬರೆದಿರುವ ಈ ಎರಡು ಯಂತ್ರಗಳ ಮಟ್ಟಿಗೆ ನಿಜವಲ್ಲ. ಗೇಮ್‌ಗೂ ಬ್ಲೆಂಡರ್ ರೆಂಡರ್‌ಗೂ ಅಣ್ಣನ ಲ್ಯಾಪ್‌ಟಾಪೇ ಇನ್ನೂ ಮುಂದಿದೆ. ಹಾಗಂತ ಅಂಗಡಿಯವರದು ಪೂರ್ತಿ ಸುಳ್ಳೂ ಅಲ್ಲ. ಹಳೆ 1050 ಕಾರ್ಡನ್ನು ಮೀರಿಸುವ ಒಳಗಿನ ಗ್ರಾಫಿಕ್ಸ್ ಈಗ ನಿಜವಾಗಿಯೂ ಇದೆ. ನಿಮಗೆ ತೋರಿಸಿದ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲ, ಅಷ್ಟೇ.

ಒಂದು ತಮಾಷೆ ನೋಡಿ. ಜಿಟಿಎಕ್ಸ್ 1050 ಒಳಗೆ ಲೆಕ್ಕ ಮಾಡುವ ಪುಟ್ಟ ಘಟಕಗಳು 640 ಇವೆ. ಐ5-1334ಯು ಒಳಗಿನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ನಲ್ಲಿ 80 ಗುಂಪುಗಳು, ಒಂದೊಂದು ಗುಂಪಿನಲ್ಲಿ 8. ಗುಣಿಸಿದರೆ ಅಲ್ಲೂ 640! ಎರಡೂ ಕಡೆ ಆಳುಗಳ ಸಂಖ್ಯೆ ಒಂದೇ. ಅದೂ ಹೊಸ ಕಡೆಯ ಆಳುಗಳು ಐದಾರು ವರ್ಷ ಈಚಿನವರು. ಆದರೂ ಗೇಮ್ ಹಾಕಿದಾಗ ಹಳೆಯದೇ ಮುಂದೆ ಹೋಗುತ್ತದೆ. ಯಾಕೆ ಅನ್ನುವುದು ಗೊತ್ತಾದರೆ, ಮುಂದೆ ಯಾವ ಅಂಗಡಿಯಲ್ಲಿ ಯಾವ ಲ್ಯಾಪ್‌ಟಾಪ್ ತೋರಿಸಿದರೂ ನೀವೇ ತೀರ್ಮಾನ ಮಾಡಬಹುದು.

ಆಳುಗಳಿಗೆ ಕೆಲಸ ಮಾಡೋಕೆ ಸಾಮಾನು ಬೇಕಲ್ವಾ? ಗೋಡೆಯ ಚಿತ್ರ, ಮರದ ಎಲೆ, ಬೆಳಕಿನ ಲೆಕ್ಕ, ಇದೆಲ್ಲ ಮೆಮೊರಿಯಲ್ಲಿ ಇರುತ್ತದೆ. ಅಲ್ಲಿಂದ ಚಿಪ್‌ಗೆ ಎಷ್ಟು ವೇಗವಾಗಿ ಹರಿದು ಬರುತ್ತದೆ ಎನ್ನುವುದರ ಮೇಲೆ ಆಟ ನಿಂತಿದೆ. 1050 ಕಾರ್ಡಿನ ಪಕ್ಕದಲ್ಲೇ ಅದಕ್ಕೆಂದೇ ಬೆಸೆದ ಜಿಡಿಡಿಆರ್5 ಮೆಮೊರಿ ಇದೆ. ಅದರಿಂದ ಸೆಕೆಂಡಿಗೆ 112 ಜಿಬಿ ಹರಿಯಬಹುದು. ಅಂಗಡಿಯ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಅಂದರೆ ಬಹುತೇಕ ಒಂದೇ ಡಿಡಿಆರ್4-3200 ಸ್ಟಿಕ್. ಒಂದು ಸ್ಟಿಕ್ ಕೊಡುವುದು ಸೆಕೆಂಡಿಗೆ 25.6 ಜಿಬಿ. ಅದೂ ಗ್ರಾಫಿಕ್ಸ್‌ಗೆ ಮಾತ್ರ ಅಲ್ಲ. ವಿಂಡೋಸ್, ಬ್ರೌಸರ್, ಗೇಮಿನ ಉಳಿದ ಲೆಕ್ಕ, ಎಲ್ಲರೂ ಅದೇ ನೀರನ್ನು ಹಂಚಿಕೊಳ್ಳಬೇಕು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಪಂಪ್‌ಸೆಟ್ ಇರುವ ಗದ್ದೆಗೂ, ವಿ.ಸಿ. ನಾಲೆಯ ಕಟ್ಟು ನೀರಿಗೆ ಕಾಯುವ ಗದ್ದೆಗೂ ಇರುವ ವ್ಯತ್ಯಾಸವೇ ಇದು. ಗದ್ದೆ ಎರಡೂ ಒಂದೇ ಅಳತೆಯದು.

ಸೆಕೆಂಡಿಗೆ ಇಷ್ಟು ಜಿಬಿ ಅಂದರೆ ಮನಸ್ಸಿಗೆ ನಾಟುವುದಿಲ್ಲ. ಒಂದು ಫ್ರೇಮಿಗೆ ಇಳಿಸಿ ನೋಡೋಣ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದುಕೊಳ್ಳಿ. 112 ಜಿಬಿಯನ್ನು 60ರಿಂದ ಭಾಗಿಸಿದರೆ ಹಳೆ ಕಾರ್ಡಿಗೆ ಒಂದು ಫ್ರೇಮಿಗೆ ಹತ್ತಿರ ಹತ್ತಿರ 1.9 ಜಿಬಿ ಸಿಗುತ್ತದೆ. ಹೊಸ ಚಿಪ್‌ಗೆ 25.6 ಅನ್ನು 60ರಿಂದ ಭಾಗಿಸಿ: ಸುಮಾರು 430 ಎಂಬಿ. ಅದರಲ್ಲೂ ಪಾಲುದಾರರಿಗೆ ಕೊಟ್ಟು ಉಳಿದದ್ದು. 1080ಪಿ ಪರದೆಯ ಒಂದು ಚಿತ್ರ ಬರೆಯೋಕೆ ಬೇಕಾಗುವುದು 8 ಎಂಬಿ ಚಿಲ್ಲರೆ ಮಾತ್ರ, ಹಾಗಾದರೆ 430 ಧಾರಾಳ ಆಯ್ತಲ್ಲ ಅನ್ನಿಸಬಹುದು. ಆದರೆ ಈಗಿನ ಗೇಮ್ ಅದೇ ಚಿತ್ರವನ್ನು ಹತ್ತಾರು ಸಲ ಓದಿ, ಬರೆದು, ಮತ್ತೆ ಓದುತ್ತದೆ. ನೆರಳಿಗೆ ಒಂದು ಸಲ, ದೂರದ ಅಳತೆಗೆ ಒಂದು ಸಲ, ಮಬ್ಬಿಗೆ ಒಂದು ಸಲ. ಮೇಲ್ಮೈಯ ಚಿತ್ರಗಳನ್ನು ಎಳೆದುಕೊಳ್ಳುವುದು ಬೇರೆ. 430 ಎಂಬಿ ಬೇಗನೆ ಖಾಲಿಯಾಗುತ್ತದೆ. ಆಗ 640 ಆಳುಗಳು ಬದುವಿನ ಮೇಲೆ ಕೂತು ನೀರು ಕಾಯುತ್ತಾರೆ.

ಎರಡನೆಯ ಕಾರಣ ಕರೆಂಟು. ಐ5-1334ಯು ಹೆಸರಿನ ಕೊನೆಯ 'ಯು' ಅಂದರೆ ಕಡಿಮೆ ವಿದ್ಯುತ್ತಿನ ಚಿಪ್. ಅದರ ಮೂಲ ಲೆಕ್ಕ 15 ವ್ಯಾಟ್. ಸ್ವಲ್ಪ ಹೊತ್ತು ಅದಕ್ಕಿಂತ ತುಂಬಾ ಜಾಸ್ತಿ ಎಳೆಯಬಲ್ಲದು, ಆದರೆ ತೆಳ್ಳನೆ ಲ್ಯಾಪ್‌ಟಾಪಿನಲ್ಲಿ ಹೆಚ್ಚು ಹೊತ್ತು ತಡೆಯುವುದಿಲ್ಲ. ಅಷ್ಟರಲ್ಲೇ ಸಿಪಿಯು ಮತ್ತು ಗ್ರಾಫಿಕ್ಸ್ ಎರಡೂ ಸಂಸಾರ ಮಾಡಬೇಕು. 1050 ಕಾರ್ಡು ತಾನೊಂದೇ ಸುಮಾರು 40-50 ವ್ಯಾಟ್ ತಿನ್ನುತ್ತದೆ, ಪಕ್ಕದ ಸಿಪಿಯುಗೆ ಬೇರೆಯೇ ಪಾಲಿರುತ್ತದೆ. ನಿಮ್ಮ ಚಾರ್ಜರ್ ಇಟ್ಟಿಗೆಯಷ್ಟು ದಪ್ಪ ಇರುವುದು ಅದಕ್ಕೇ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಚಾರ್ಜರ್ ತೆಗೆದರೆ ಹಳೆಯದರ ಆಟ ಮುಗಿಯಿತು. ಬ್ಯಾಟರಿ ಮೇಲೆ ಕಾರ್ಡಿಗೆ ಪೂರ್ತಿ ವ್ಯಾಟ್ ಸಿಗುವುದಿಲ್ಲ, ಅದು ಕುಂಟುತ್ತದೆ. ಮೂಲ ಚಾರ್ಜರ್ ಹಾಳಾಗಿ ಯಾರೋ ಕಡಿಮೆ ವ್ಯಾಟಿನ ಲೋಕಲ್ ಚಾರ್ಜರ್ ಕೊಟ್ಟಿದ್ದರೂ ಹಾಗೇ ಆಗುತ್ತದೆ. ನಿಮ್ಮ ಚಾರ್ಜರಿನ ಮೇಲೆ ಬರೆದಿರುವ ವ್ಯಾಟನ್ನು ಲ್ಯಾಪ್‌ಟಾಪಿನ ಅಡಿಯಲ್ಲಿರುವ ಬರಹದ ಜೊತೆ ಒಮ್ಮೆ ಹೋಲಿಸಿ ನೋಡಿ. ವ್ಯಾಟ್ ಬರೆದಿಲ್ಲದಿದ್ದರೆ ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ಸಿಗುತ್ತದೆ.

ಈಗ ಅಂಗಡಿಯ ವಿಷಯ. ಐರಿಸ್ ಎಕ್ಸ್‌ಇ ವಿಚಾರದಲ್ಲಿ ಇಂಟೆಲ್‌ನವರೇ ಒಂದು ಸುಳಿವು ಬಿಟ್ಟಿದ್ದಾರೆ, ತುಂಬಾ ಜನರಿಗೆ ಗೊತ್ತಿಲ್ಲ. ಮೆಮೊರಿ ಎರಡು ದಾರಿಯಲ್ಲಿ ಓಡಿದರೆ ಮಾತ್ರ ಈ ಚಿಪ್ ಐರಿಸ್ ಎಕ್ಸ್‌ಇ ಎಂಬ ಹೆಸರು ಹೇಳಿಕೊಳ್ಳುತ್ತದೆ. ಒಂದೇ ಸ್ಟಿಕ್ ಇದ್ದರೆ ಅದೇ ಚಿಪ್ ಸಪ್ಪೆ ಹೆಸರಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಡೆಮೊ ಲ್ಯಾಪ್‌ಟಾಪಿನ ಮುಂದೆ ನಿಂತು Ctrl+Shift+Esc ಒತ್ತಿ. ಟಾಸ್ಕ್ ಮ್ಯಾನೇಜರಿನ Performance ಭಾಗದಲ್ಲಿ GPU ಮೇಲೆ ಒತ್ತಿದರೆ ಬಲಗಡೆ ಮೇಲೆ ಹೆಸರು ಕಾಣುತ್ತದೆ. `Intel(R) Iris(R) Xe Graphics` ಇದ್ದರೆ ಎರಡು ದಾರಿ. `Intel(R) UHD Graphics` ಇದ್ದರೆ ಈ ಚಿಪ್ ಮಟ್ಟಿಗೆ ಒಂದೇ ದಾರಿ ಅಂತ ಅರ್ಥ. ಡಬ್ಬದ ಮೇಲೆ ಐರಿಸ್ ಸ್ಟಿಕರ್ ಅಂಟಿಸಿದ್ದರೂ ಪರದೆಯ ಮೇಲೆ ಯುಎಚ್‌ಡಿ ಅಂತ ಬರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಸ್ಟಿಕ್ ಎಷ್ಟಿವೆ ಅಂತ ಖಚಿತವಾಗಿ ನೋಡಬೇಕಾದರೆ ಅದೇ ಕಿಟಕಿಯ Memory ಪುಟದಲ್ಲಿ Slots used ಇರುತ್ತದೆ. ಪವರ್‌ಶೆಲ್ ತೆಗೆದು ಹೀಗೂ ಕೇಳಬಹುದು:

```
Get-CimInstance Win32_PhysicalMemory | Select-Object DeviceLocator, Capacity, Speed
```

ಒಂದೇ ಸಾಲು ಬಂದರೆ ಒಂದೇ ಸ್ಟಿಕ್. ಎರಡನೆಯದು ಹಾಕಲು ಜಾಗ ಇದೆಯಾ ಎಂದು ಕೇಳಿ. ಹಾಕಿದರೆ 25.6 ಇದ್ದದ್ದು 51.2 ಆಗುತ್ತದೆ. ಆಗ ಅದೇ ಲ್ಯಾಪ್‌ಟಾಪ್ ಗೇಮಿನಲ್ಲಿ ಎದ್ದು ಕಾಣುವಷ್ಟು ಚುರುಕಾಗುತ್ತದೆ. ಆದರೂ 112ಕ್ಕೆ ಅರ್ಧವೂ ಆಗಲಿಲ್ಲ ನೋಡಿ. ಎರಡು ಸ್ಟಿಕ್ ಹಾಕಿದ ಐರಿಸ್ ಎಕ್ಸ್‌ಇ ಕೂಡ ಸಾಮಾನ್ಯವಾಗಿ 1050 ಕಾರ್ಡಿನ ಹಿಂದೆಯೇ ಉಳಿಯುತ್ತದೆ.

ಹಾಗಾದರೆ ಹಳೆಯದನ್ನು ಸೋಲಿಸುವ ಒಳ ಗ್ರಾಫಿಕ್ಸ್ ಯಾವುದು? ಎಎಂಡಿಯ ರೇಡಿಯಾನ್ 780ಎಂ ಒಂದು. ರೈಜನ್ 7 7840ಎಚ್‌ಎಸ್, 8840ಎಚ್‌ಎಸ್ ತರಹದ ಚಿಪ್‌ಗಳಲ್ಲಿ ಬರುತ್ತದೆ. ಅದರಲ್ಲಿ ಆಳುಗಳು 768, ಓಟ 1050ಕ್ಕಿಂತ ಎಷ್ಟೋ ಜೋರು. ಎರಡು ಡಿಡಿಆರ್5-5600 ಸ್ಟಿಕ್ ಹಾಕಿದರೆ ಮೆಮೊರಿ ಸೆಕೆಂಡಿಗೆ 89.6 ಜಿಬಿ ಕೊಡುತ್ತದೆ. ಅದೂ 112ಕ್ಕಿಂತ ಕಡಿಮೆಯೇ. ಆದರೆ ಈ ಪೀಳಿಗೆಯ ಚಿಪ್ ತನ್ನೊಳಗೇ ಸಾಮಾನು ಇಟ್ಟುಕೊಳ್ಳುವುದರಲ್ಲಿ, ಅದನ್ನು ಒತ್ತಿ ಚಿಕ್ಕದು ಮಾಡುವುದರಲ್ಲಿ ಜಾಣ. ಹಾಗಾಗಿ ಕಡಿಮೆ ನೀರಿನಲ್ಲೇ ಹೆಚ್ಚು ಬೆಳೆ ತೆಗೆಯುತ್ತದೆ. ಇಂಟೆಲ್ ಕಡೆಯಿಂದ ಕೋರ್ ಅಲ್ಟ್ರಾ 5 125ಎಚ್ ತರಹದವುಗಳಲ್ಲಿ ಇರುವ ಆರ್ಕ್ ಗ್ರಾಫಿಕ್ಸ್ ಕೂಡ ಇದೇ ಸಾಲಿನದು. ಇವೆರಡೂ 1050 ಕಾರ್ಡನ್ನು ಹಿಂದೆ ಹಾಕುತ್ತವೆ. ಅಂಗಡಿಯವರ ಮಾತು ಇವುಗಳ ಬಗ್ಗೆ ಆಗಿದ್ದರೆ ನಾನು ಹೌದು ಅಂತಿದ್ದೆ.

ಆದರೆ ಇಲ್ಲೂ ಅದೇ ಹೆಸರಿನ ಆಟ ಇದೆ. ಆರ್ಕ್ ಅಂತ ಹೇಳಿಕೊಳ್ಳೋಕೆ ಕನಿಷ್ಠ 16 ಜಿಬಿ, ಎರಡು ದಾರಿಯ ಮೆಮೊರಿ ಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಬರೀ `Intel(R) Graphics` ಅಂತ ಬರುತ್ತದೆ. 780ಎಂ ಮಾತ್ರ ಹೆಸರು ಬದಲಾಯಿಸಿಕೊಳ್ಳುವುದಿಲ್ಲ, ಒಂದೇ ಸ್ಟಿಕ್ ಹಾಕಿದರೂ 780ಎಂ ಅಂತಲೇ ಇರುತ್ತದೆ. ಆದರೆ ಬಾಯಾರಿ ಒದ್ದಾಡುತ್ತಿರುತ್ತದೆ. ಅದಕ್ಕೆ ಸ್ಲಾಟ್ ನೋಡಲೇಬೇಕು. ಎಎಂಡಿಯಲ್ಲಿ ಇನ್ನೊಂದು ಗೊಂದಲ: ರೈಜನ್ 5 7520ಯು ಕೂಡ 7000 ಸಾಲಿನದೇ, ಆದರೆ ಅದರೊಳಗೆ ಇರುವುದು ರೇಡಿಯಾನ್ 610ಎಂ. 780ಎಂನಲ್ಲಿ 12 ಗುಂಪು ಇದ್ದರೆ ಇದರಲ್ಲಿ ಬರೀ 2. ಬ್ರೌಸರ್, ಸಿನಿಮಾ, ಕಾಲೇಜಿನ ಬರಹಕ್ಕೆ ಸಾಕು. ಗೇಮಿಗೆ ಅಲ್ಲ.

ಹಳೆ ಕಾರ್ಡು ಅಂದಮೇಲೆ ಎಲ್ಲವೂ ಗಟ್ಟಿ ಅಂತಲೂ ತಿಳಿಯಬೇಡಿ. ಆ ಕಾಲದಲ್ಲಿ ನಮ್ಮಲ್ಲಿ '2 ಜಿಬಿ ಗ್ರಾಫಿಕ್ಸ್' ಸ್ಟಿಕರ್ ಅಂಟಿಸಿ ಮಾರಿದ ಲ್ಯಾಪ್‌ಟಾಪುಗಳಲ್ಲಿ 940ಎಂಎಕ್ಸ್ ತರಹದ ಕಾರ್ಡು ತುಂಬಾ ಬರುತ್ತಿತ್ತು. ಅದರ ಡಿಡಿಆರ್3 ಮೆಮೊರಿಯ ಆವೃತ್ತಿಯಲ್ಲಿ ಹರಿವು ಸೆಕೆಂಡಿಗೆ ಸುಮಾರು 16 ಜಿಬಿ. ಸ್ವಂತ ಪಂಪ್‌ಸೆಟ್ ಇದೆ, ಆದರೆ ಪೈಪು ಬೆರಳು ಗಾತ್ರದ್ದು. ಅಂಥ ಕಾರ್ಡಿಗಿಂತ ಎರಡು ಸ್ಟಿಕ್ ಇರುವ ಐರಿಸ್ ಎಕ್ಸ್‌ಇ ಚೆನ್ನಾಗಿ ಓಡುತ್ತದೆ. ನಿಮ್ಮ ಸ್ನೇಹಿತರು ಯಾರಾದರೂ ಇದೇ ಪ್ರಶ್ನೆ ಇಟ್ಟುಕೊಂಡು ಬಂದರೆ ಮೊದಲು ಕಾರ್ಡಿನ ಹೆಸರು ಕೇಳಿ. 'ಬೇರೆ ಕಾರ್ಡಿದೆ' ಅನ್ನುವ ಒಂದೇ ಮಾತಿನ ಮೇಲೆ ಏನೂ ಹೇಳಲಾಗುವುದಿಲ್ಲ.

ಇನ್ನು ನಿಮ್ಮ ಹತ್ತು ನಿಮಿಷದ ಕಾಯಿಲೆ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆದರೆ, ಕಾರ್ಡಿಗೆ ಶಕ್ತಿ ಇಲ್ಲ ಅಂತಲ್ಲ. ಬಹುಮಟ್ಟಿಗೆ ಅದು ಬಿಸಿಯಾಗಿ ತನ್ನ ಓಟವನ್ನು ತಾನೇ ಇಳಿಸಿಕೊಳ್ಳುತ್ತಿದೆ. ಇದನ್ನು ಊಹಿಸುತ್ತಾ ಕೂರಬೇಡಿ, ಕಣ್ಣಿಂದ ನೋಡಿ. ಚಾರ್ಜರ್ ಹಾಕಿ, ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನು ಹೊಡೆದು ಬಿಡಿ:

```
nvidia-smi --query-gpu=temperature.gpu,clocks.gr,memory.used --format=csv -l 2
```

ಎರಡೆರಡು ಸೆಕೆಂಡಿಗೆ ಒಂದು ಸಾಲು ಬರುತ್ತಾ ಹೋಗುತ್ತದೆ. ಮೊದಲನೆಯದು ಕಾರ್ಡಿನ ಬಿಸಿ, ಎರಡನೆಯದು ಓಟದ ವೇಗ, ಮೂರನೆಯದು ಅದರ ಸ್ವಂತ ಮೆಮೊರಿಯಲ್ಲಿ ಎಷ್ಟು ತುಂಬಿದೆ ಅಂತ. ಕಿಟಕಿಯನ್ನು ಹಾಗೇ ಬಿಟ್ಟು ಹದಿನೈದು ನಿಮಿಷ ಗೇಮ್ ಆಡಿ, ಬಂದು Ctrl+C ಒತ್ತಿ ನಿಲ್ಲಿಸಿ, ಮೇಲಕ್ಕೆ ಎಳೆದು ಓದಿ.

ಕುವೆಂಪುನಗರದಲ್ಲಿ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಇದೇ 1050 ಕಾರ್ಡಿನ ಲ್ಯಾಪ್‌ಟಾಪ್ ತಂದಿದ್ದ. ಅವನದ್ದೂ ಇದೇ ದೂರು. "ಅಂಕಲ್, ಇದನ್ನ ಮಾರಿಬಿಡ್ತೀನಿ" ಅಂತ ಬಂದವನು. ಸಾಲುಗಳನ್ನು ಓದಿದೆವು. ಶುರುವಿನಲ್ಲಿ ಬಿಸಿ 60ರ ಆಸುಪಾಸು, ಓಟ 1600 ಮೆಗಾಹರ್ಟ್ಸ್ ಮೇಲೆ. ಎಂಟನೆಯ ನಿಮಿಷಕ್ಕೆ ಬಿಸಿ 86, ಓಟ 1100ಕ್ಕೆ ಇಳಿದಿತ್ತು. ಮೆಮೊರಿ ಮಾತ್ರ 3 ಜಿಬಿ ಹತ್ತಿರ ಅಲ್ಲಾಡದೆ ನಿಂತಿತ್ತು. ಮೆಮೊರಿ ಸಾಕಷ್ಟಿದೆ, ಕಾರ್ಡು ಬೇಯುತ್ತಿದೆ. ಅಷ್ಟು ಸ್ಪಷ್ಟ.

ಹಿಂದಿನ ಮುಚ್ಚಳ ಬಿಚ್ಚಿದೆವು. ಫ್ಯಾನಿನ ರೆಕ್ಕೆ ನೋಡಿದರೆ ಪರವಾಗಿಲ್ಲ ಅನ್ನುವ ಹಾಗಿತ್ತು. ಅಲ್ಲೇ ಎಲ್ಲರೂ ಮೋಸ ಹೋಗುವುದು. ಫ್ಯಾನಿನ ಗಾಳಿ ಹೊರಗೆ ಹೋಗುವ ಕಡೆ ತಾಮ್ರದ ತೆಳು ಪಟ್ಟಿಗಳು ಬಾಚಣಿಗೆ ಹಲ್ಲಿನ ಹಾಗೆ ಇರುತ್ತವೆ. ಫ್ಯಾನಿನ ಮೇಲೆ ಮುಚ್ಚಿರುವ ತಗಡನ್ನು ತೆಗೆದಾಗ, ಫ್ಯಾನಿಗೂ ಆ ಹಲ್ಲುಗಳಿಗೂ ನಡುವೆ ಕಂಬಳಿಯ ಚೂರಿನಂತೆ ಒತ್ತಾಗಿ ಧೂಳು ಕೂತಿತ್ತು. ಚಿಮುಟದಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಹೊರಗಿನಿಂದ ಬ್ಲೋವರ್ ಹೊಡೆದಿದ್ದರೆ ಇದು ಬರುತ್ತಿರಲಿಲ್ಲ, ಇನ್ನೂ ಒಳಗೆ ಸರಿದು ಗಟ್ಟಿಯಾಗುತ್ತಿತ್ತು. ಚಿಪ್ ಮೇಲಿನ ಪೇಸ್ಟು ಒಣಗಿ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಒರೆಸಿ ಹೊಸ ಪೇಸ್ಟ್ ಹಾಕಿ ಮುಚ್ಚಿದೆವು. ಆ ಸಂಜೆ ಅದೇ ಗೇಮ್, ಅದೇ ಹದಿನೈದು ನಿಮಿಷ. ಬಿಸಿ 72ರಲ್ಲಿ ನಿಂತಿತು, ಓಟ 1600ರಿಂದ ಕೆಳಗೆ ಬರಲಿಲ್ಲ. ಹುಡುಗ ಮಾರುವ ಮಾತು ಬಿಟ್ಟ.

ಈ ಥರದ ಲ್ಯಾಪ್‌ಟಾಪುಗಳಲ್ಲಿ ಸಿಪಿಯುಗೂ ಕಾರ್ಡಿಗೂ ಸಾಮಾನ್ಯವಾಗಿ ಒಂದೇ ತಾಮ್ರದ ಕೊಳವೆ ಹಾದುಹೋಗಿರುತ್ತದೆ. ಹಾಗಾಗಿ ಒಂದು ಬಿಸಿಯಾದರೆ ಇನ್ನೊಂದಕ್ಕೂ ಶಾಖ ಹರಡುತ್ತದೆ. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಗಾಳಿ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ, ಗಾಳಿಗೆ ಅಡ್ಡಾದಿಡ್ಡಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೈ ನಡುಗುತ್ತದೆ ಅನ್ನುವುದಾದರೆ ಸರ್ವಿಸ್ ಅಂಗಡಿಗೆ ಕೊಡಿ. ಆದರೆ "ಫ್ಯಾನಿನ ತಗಡು ತೆಗೆದು ಒಳಗಿನ ಪಟ್ಟಿ ಕ್ಲೀನ್ ಮಾಡಿ, ಪೇಸ್ಟ್ ಬದಲಾಯಿಸಿ" ಅಂತ ಬಿಡಿಸಿ ಹೇಳಿ. ಬರೀ 'ಸರ್ವಿಸ್ ಮಾಡಿ' ಅಂದರೆ ಮೇಲಿಂದ ಗಾಳಿ ಹೊಡೆದು ಕಳಿಸುವವರೂ ಇದ್ದಾರೆ.

ನಿಮ್ಮ ಸಾಲುಗಳು ಬೇರೆ ಕಥೆ ಹೇಳಿದರೆ? ಬಿಸಿ ಕಡಿಮೆಯೇ ಇದ್ದು ಮೂರನೆಯ ಅಂಕಿ 4000ದ ಹತ್ತಿರ ಹೋಗಿ ಗೇಮ್ ತಡವರಿಸಿದರೆ, ಕಾರ್ಡಿನ 4 ಜಿಬಿ ತುಂಬಿದೆ. ಉಳಿದದ್ದನ್ನು ಮಾಮೂಲಿ ರ‍್ಯಾಮಿನಿಂದ ನಿಧಾನದ ದಾರಿಯಲ್ಲಿ ತರುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ, ಸರಿಹೋಗುತ್ತದೆ. ಗೇಮ್ ನಡೆಯುತ್ತಿದ್ದರೂ ಓಟ ತೀರಾ ಕೆಳಗೇ ಇದ್ದು ಮೆಮೊರಿಯೂ ಖಾಲಿ ಖಾಲಿ ಕಂಡರೆ, ಗೇಮ್ ಕಾರ್ಡಿನ ಮೇಲೆ ಓಡುತ್ತಲೇ ಇಲ್ಲ. ನಿಮ್ಮ ಐ5-8300ಎಚ್ ಒಳಗೂ ಒಂದು ಚಿಕ್ಕ ಇಂಟೆಲ್ ಗ್ರಾಫಿಕ್ಸ್ ಇದೆ, ಅದರ ಮೇಲೆ ಓಡುತ್ತಿದೆ. ವಿಂಡೋಸ್ Settings, System, Display, Graphics ಒಳಗೆ ಆ ತಂತ್ರಾಂಶವನ್ನು ಆರಿಸಿ High performance ಮಾಡಿ. ಕಾರ್ಡನ್ನು ವರ್ಷಗಟ್ಟಲೆ ಸುಮ್ನೆ ಕೂರಿಸಿ 'ಲ್ಯಾಪ್‌ಟಾಪ್ ಸ್ಲೋ' ಅಂತ ಬೈದುಕೊಂಡವರು ನನಗೆ ಒಬ್ಬಿಬ್ಬರಲ್ಲ ಸಿಕ್ಕಿರುವುದು.

ಬ್ಲೆಂಡರ್ ಬಗ್ಗೆ ಬೇರೆಯಾಗಿ ಹೇಳಬೇಕು. ಅಲ್ಲಿ ಎರಡು ಥರದ ಕೆಲಸ ಇದೆ. ಮಾಡೆಲ್ ಕಟ್ಟುವುದು, ಮಾಡಿಫೈಯರ್ ಹಾಕುವುದು, ಬಟ್ಟೆ-ಹೊಗೆಯ ಸಿಮ್ಯುಲೇಶನ್, ಇದೆಲ್ಲ ಹೆಚ್ಚಾಗಿ ಸಿಪಿಯು ಮಾಡುವ ಕೆಲಸ. ಇದರಲ್ಲಿ ಅಂಗಡಿಯ ಐ5-1334ಯು ನಿಮ್ಮ 8300ಎಚ್‌ಗಿಂತ ಖಂಡಿತ ಚುರುಕು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬ್ಲೆಂಡರಿನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ರೆಂಡರ್ ಹಾಕಿದಾಗ ಕಥೆ ತಿರುಗುತ್ತದೆ. ಸೈಕಲ್ಸ್ 1050 ಕಾರ್ಡನ್ನು ಎನ್‌ವಿಡಿಯಾದ ಕುಡಾ ಎಂಬ ವ್ಯವಸ್ಥೆಯ ಮೂಲಕ ಬಳಸಿಕೊಳ್ಳುತ್ತದೆ. ಐರಿಸ್ ಎಕ್ಸ್‌ಇ ಅದರ ಬೆಂಬಲದ ಪಟ್ಟಿಯಲ್ಲಿ ಇಲ್ಲ, ಅಲ್ಲಿ ರೆಂಡರ್ ಪೂರ್ತಿ ಸಿಪಿಯು ತಲೆ ಮೇಲೆ ಬೀಳುತ್ತದೆ.

ನಿಮ್ಮದರಲ್ಲಿ ಇದು ಶುರುವಿನಿಂದಲೇ ಆನ್ ಆಗಿರುವುದಿಲ್ಲ. ಬ್ಲೆಂಡರಿನಲ್ಲಿ Edit, Preferences, System ಒಳಗೆ ಹೋಗಿ Cycles Render Devices ಕೆಳಗೆ CUDA ಆರಿಸಿ, ಕಾರ್ಡಿನ ಹೆಸರಿಗೆ ಗುರುತು ಹಾಕಿ. ಅಲ್ಲಿಗೆ ಮುಗಿಯಲಿಲ್ಲ. Render Properties ಒಳಗೆ Render Engine ಜಾಗದಲ್ಲಿ Cycles ಆರಿಸಿ, Device ಅನ್ನುವುದನ್ನು GPU Compute ಮಾಡಬೇಕು. ಮೊದಲನೆಯದು ಮಾಡಿ ಎರಡನೆಯದು ಮರೆತರೆ ಕಾರ್ಡ್ ಪಟ್ಟಿಯಲ್ಲಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಮೇಲಿನ nvidia-smi ಸಾಲನ್ನು ಓಡಿಸಿಕೊಂಡೇ ರೆಂಡರ್ ಒತ್ತಿ. ಮೆಮೊರಿಯ ಅಂಕಿ ದಿಢೀರನೆ ಏರಿದರೆ ಕಾರ್ಡು ಕೈ ಹಾಕಿದೆ ಅಂತ ಅರ್ಥ.

ಹಳೆಯದು ಎಲ್ಲಿ ಸೋಲುತ್ತದೆ ಅಂತಲೂ ಹೇಳಿಬಿಡಬೇಕು. ನಿಮ್ಮ ಕಾರ್ಡಿನ ಪೀಳಿಗೆಗೆ ಹೊಸ ಗೇಮ್‌ಗಳಿಗೆಂದು ಹೊಂದಿಸಿದ ಡ್ರೈವರ್ ಬರುವುದು 2025ರ ಅಕ್ಟೋಬರಿಗೆ ನಿಂತಿದೆ. ಸುರಕ್ಷತೆಯ ತಿದ್ದುಪಡಿಗಳನ್ನು 2028ರ ಅಕ್ಟೋಬರ್ ತನಕ ಕೊಡುತ್ತೇವೆ ಎಂದು ಎನ್‌ವಿಡಿಯಾ ಹೇಳಿದೆ. ಈಗ ಆಡುತ್ತಿರುವ ಗೇಮ್‌ಗಳು ನಾಳೆ ನಿಂತು ಹೋಗುವುದಿಲ್ಲ. ಆದರೆ ಈಚಿನ ಕೆಲವು ದೊಡ್ಡ ಗೇಮ್‌ಗಳು ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದೆ ಶುರುವೇ ಆಗುವುದಿಲ್ಲ, ಅದು 1050ರಲ್ಲಿ ಇಲ್ಲ. ಯೂಟ್ಯೂಬಿನ ಎವಿ1 ವಿಡಿಯೋ ಬಿಡಿಸುವ ಭಾಗವೂ ಈ ಕಾರ್ಡಿನಲ್ಲಿ ಇಲ್ಲ. ಅಂಥ ವಿಡಿಯೋ ಹಾಕಿದಾಗ ಸಿಪಿಯು ದುಡಿಯುತ್ತದೆ, ಫ್ಯಾನ್ ಕೂಗುತ್ತದೆ. ಐರಿಸ್ ಎಕ್ಸ್‌ಇ ಅದನ್ನು ಸದ್ದಿಲ್ಲದೆ ಮಾಡುತ್ತದೆ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದರಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ವಿಂಡೋಸ್ 11ರ ಇಂಟೆಲ್ ಪಟ್ಟಿ ಹೆಚ್ಚುಕಮ್ಮಿ 8ನೇ ಪೀಳಿಗೆಯಿಂದ ಶುರುವಾಗುತ್ತದೆ, 8300ಎಚ್ ಬಾಗಿಲಲ್ಲೇ ಒಳಗೆ ನುಗ್ಗಿದೆ. ಹಾಕಲು ಹೋದಾಗ ಆಗುವುದಿಲ್ಲ ಅಂದರೆ ಬಯಾಸ್‌ನಲ್ಲಿ ಪಿಟಿಟಿ ಎಂಬ ಸುರಕ್ಷತೆಯ ಆಯ್ಕೆ ಆನ್ ಆಗಿದೆಯಾ ನೋಡಿ.

ನಾನಾಗಿದ್ದರೆ ಆ ಹೊಸದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಳೆಯದನ್ನು ಕ್ಲೀನ್ ಮಾಡಿಸಿ, ಇನ್ನೊಂದು 8 ಜಿಬಿ ಡಿಡಿಆರ್4-2666 ಸ್ಟಿಕ್ ಹಾಕಿಸುತ್ತಿದ್ದೆ. ಇದು ಕಾರ್ಡಿಗಲ್ಲ, ಬ್ಲೆಂಡರಿಗೆ. ವಿಂಡೋಸ್ ಮತ್ತು ಬ್ರೌಸರ್ ತಿಂದು ಉಳಿದ ರ‍್ಯಾಮ್ ಸಿಮ್ಯುಲೇಶನ್‌ಗೆ ಸಾಲುವುದಿಲ್ಲ. ವಿಂಡೋಸ್ ಇನ್ನೂ ಹಾರ್ಡ್ ಡಿಸ್ಕ್ ಮೇಲಿದ್ದರೆ ಎಸ್‌ಎಸ್‌ಡಿಗೆ ಬದಲಾಯಿಸಿ. ನಿಮ್ಮ ಸೀನುಗಳು 4 ಜಿಬಿ ದಾಟಿ ರೆಂಡರ್ ನಡುವೆ ಮೆಮೊರಿ ಸಾಲದು ಅಂತ ನಿಲ್ಲತೊಡಗಿದಾಗ ಹೊಸದರ ಯೋಚನೆ ಮಾಡಿ. ಆಗಲೂ ಬ್ಲೆಂಡರೇ ಮುಖ್ಯ ಅನ್ನುವುದಾದರೆ ಒಳ ಗ್ರಾಫಿಕ್ಸ್‌ಗಿಂತ ಆರ್‌ಟಿಎಕ್ಸ್ ಕಾರ್ಡ್ ಇರುವುದನ್ನೇ ನೋಡಿ. ದಿನಾ ಬಸ್ಸಿನಲ್ಲೋ ರೈಲಿನಲ್ಲೋ ಮಂಡ್ಯ-ಮೈಸೂರು ಓಡಾಡುತ್ತಾ ಹೊತ್ತುಕೊಂಡು ಹೋಗಬೇಕು, ಚಾರ್ಜರ್ ಇಲ್ಲದೆ ಓಡಬೇಕು ಅಂದರೆ 16 ಜಿಬಿ, ಎರಡು ದಾರಿಯ ಮೆಮೊರಿ ಇರುವ 780ಎಂ ಅಥವಾ ಆರ್ಕ್ ಸರಿ.

ಮುಚ್ಚಳ ಬಿಚ್ಚಿದಾಗ ಬ್ಯಾಟರಿಯನ್ನೂ ಒಂದು ಸಲ ನೋಡಿ. 2018ರದು, ವಯಸ್ಸಾಗಿದೆ. ಮೇಲ್ಮೈ ಹಪ್ಪಳದ ಹಾಗೆ ಉಬ್ಬಿದ್ದರೆ, ಅಥವಾ ಈಗಾಗಲೇ ಟಚ್‌ಪ್ಯಾಡ್ ಒಂದು ಕಡೆ ಎದ್ದು ನಿಂತು ಒತ್ತಲು ಗಟ್ಟಿಯಾಗಿದ್ದರೆ, ಆ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ಚುಚ್ಚಬೇಡಿ, ಅದುಮಬೇಡಿ. ಬಿಚ್ಚಿ ತೆಗೆಸಿ, ಹೊಸದು ಹಾಕಿಸಿ, ಆಮೇಲೆ ಗೇಮಿನ ಮಾತು.